ಒಂಬತ್ತು ಖಾಲಿ ಕಾರ್ಟ್ರಿಜ್, ಒಂದು ಕೆಟ್ಟ ಪ್ರಿಂಟರ್

ಖಾಲಿ ಕಾರ್ಟ್ರಿಜ್‌ಗಳನ್ನು ನಾನು ಎಸೆಯಲೂ ಇಲ್ಲ, ಎಲ್ಲಿಗೂ ಕೊಡಲೂ ಇಲ್ಲ. ಕಪಾಟಿನ ತಳದಲ್ಲಿ ಕೂಡಿಡುತ್ತ ಬಂದೆ. ಇಂಕಿನವು ಐದು, ಲೇಸರ್ ಪ್ರಿಂಟರಿನ ಮಸಿಪುಡಿ, ಅಂದರೆ ಟೋನರಿನವು ನಾಲ್ಕು. ಕೊನೆಗೆ ಲೇಸರ್ ಪ್ರಿಂಟರ್ ಕೂಡ ಕಣ್ಣು ಮುಚ್ಚಿದ ದಿನ ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು ಕುಳಿತೆ.

ಐದು ಇಂಕ್ ಕಾರ್ಟ್ರಿಜ್‌ಗಳ ತಳದಲ್ಲೂ ಸಣ್ಣ ರಂಧ್ರಗಳ ತಟ್ಟೆಯಿತ್ತು. ಅಂದರೆ ಮುದ್ರಿಸುವ ಹೆಡ್ ಅದರೊಳಗೇ ಇದೆ. ಅದು ಕೆಟ್ಟಿದ್ದರೆ ರೀಫಿಲ್ ಮಾಡಿಸಿ ಪ್ರಯೋಜನವಿಲ್ಲ. ತಟ್ಟೆಯನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ ಒಂದು ನಿಮಿಷ ಒತ್ತಿ ಹಿಡಿದೆ. ಎರಡು ಕಾರ್ಟ್ರಿಜ್‌ಗಳು ಬಣ್ಣದ ಗೆರೆ ಬಿಟ್ಟವು, ಮೂರು ಏನೂ ಬಿಡಲಿಲ್ಲ. ತಪ್ಪು ನನ್ನದೇ. ಈ ಬಗೆಯ ಹೆಡ್ ಶಾಖದಿಂದ ಇಂಕನ್ನು ಚಿಮ್ಮಿಸುತ್ತದೆ, ಅದನ್ನು ತಂಪಾಗಿಡುವುದೂ ಇಂಕೇ. ಅಕ್ಷರ ಮಾಸಿದ ಮೇಲೂ ಹಟ ಹಿಡಿದು ಮುದ್ರಿಸುತ್ತಿದ್ದ ನಾನು ಅದನ್ನು ಒಣಗಿಸಿ ಸುಟ್ಟಿದ್ದೆ. ಈಗ ಅಕ್ಷರ ಮಂಕಾಗತೊಡಗಿದಾಗಲೇ ರೀಫಿಲ್ ಅಂಗಡಿಗೆ ಒಯ್ಯುತ್ತೇನೆ.

ಜೀವವಿದ್ದ ಆ ಎರಡನ್ನು ಅಲ್ಲಿ ತುಂಬಿಸಿಕೊಂಡೆ. ಟೋನರ್‌ಗಳನ್ನು ತೋರಿಸಿದಾಗ ಅಂಗಡಿಯವರು ಪಕ್ಕದ ಮುಚ್ಚಳ ಸರಿಸಿ, ಪುಡಿಯನ್ನು ಕಾಗದಕ್ಕೆ ದಾಟಿಸುವ ಉರುಳೆಯಾದ ಡ್ರಮ್ ನೋಡಿದರು. ಒಂದರ ಮೇಲೆ ಉಗುರಿಗೆ ಸಿಗುವ ಗೀರಿತ್ತು. ಪುಟದಲ್ಲಿ ಒಂದೇ ಕಲೆ ಸುಮಾರು 75 ಮಿ.ಮೀ.ಗೊಮ್ಮೆ ಬೀಳುತ್ತಿದ್ದುದಕ್ಕೆ ಅದೇ ಕಾರಣ: 24 ಮಿ.ಮೀ. ವ್ಯಾಸದ ಡ್ರಮ್ಮಿನ ಒಂದು ಸುತ್ತು ಅಷ್ಟೇ ಉದ್ದ. ಗೀರಿಲ್ಲದ ಎರಡು ಅಸಲಿ ಟೋನರ್‌ಗಳನ್ನು ಅವರೇ ಇಟ್ಟುಕೊಂಡರು. ‘ಒಳಗಿನ ತ್ಯಾಜ್ಯ ಪುಡಿಯನ್ನು ತೆಗೆದೇ ತುಂಬುತ್ತೀರಾ?’ ಎಂದು ಕೇಳಿದೆ. ನಕ್ಕು ಹೌದೆಂದು ತಲೆಯಾಡಿಸಿದರು. ಅದನ್ನು ತೆಗೆಯದೆ ತುಂಬಿದರೆ ಪುಡಿ ಉಕ್ಕಿ ಕಾಗದದ ಮೇಲೆ ಬೂದು ಪಟ್ಟಿ ಬೀಳುತ್ತದೆ.

ಸತ್ತ ಮೂರು ಇಂಕ್ ಮತ್ತು ಗೀರುಬಿದ್ದ ಟೋನರ್ ತಯಾರಕರ ಮರಳಿಸುವ ಯೋಜನೆಗೆ ಹೋದವು. ಇಂಥ ಯೋಜನೆಗಳು ಸಾಮಾನ್ಯವಾಗಿ ತಮ್ಮದೇ ಅಸಲಿ ಕಾರ್ಟ್ರಿಜ್‌ಗಳನ್ನಷ್ಟೇ ಸ್ವೀಕರಿಸುತ್ತವೆ. ನನ್ನ ನಾಲ್ಕನೆಯ ಟೋನರ್ ಬೇರೆ ಕಂಪನಿಯದಾದ್ದರಿಂದ ಇ-ತ್ಯಾಜ್ಯಕ್ಕೇ ಹೋಯಿತು. ಟೋನರ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ಪೆಟ್ಟಿಗೆಗೆ ಹಾಕಬೇಕು. ನನ್ನಿಂದ ಸ್ವಲ್ಪ ಪುಡಿ ಚೆಲ್ಲಿತು. ತಣ್ಣೀರಿನ ಬಟ್ಟೆಯಿಂದ ಒರೆಸಿದೆ. ಬಿಸಿನೀರು ತಾಗಿದರೆ ಅದು ಕರಗಿ ಅಂಟಿಕೊಳ್ಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಿದ್ದರೆ ಅಷ್ಟು ನಯವಾದ ಪುಡಿ ಫಿಲ್ಟರ್ ದಾಟಿ ಗಾಳಿಗೆ ಹಾರುತ್ತಿತ್ತು.

ಉಳಿದದ್ದು ಪ್ರಿಂಟರ್. ಕೊಡುವ ಮೊದಲು ಅದರಲ್ಲಿ ಉಳಿದ ವೈ-ಫೈ ಪಾಸ್‌ವರ್ಡ್ ಅಳಿಸಬೇಕಿತ್ತು, ಆದರೆ ಆನ್ ಆಗದ ಯಂತ್ರದಲ್ಲಿ ರೀಸೆಟ್ ಮಾಡುವುದೆಂತು? ರೂಟರ್‌ನಲ್ಲೇ ಪಾಸ್‌ವರ್ಡ್ ಬದಲಿಸಿದೆ. ಟ್ರೇಯನ್ನು ಎಳೆದು ನೋಡಿದಾಗ ಹದಿನೈದಿಪ್ಪತ್ತು ಖಾಲಿ ಹಾಳೆಗಳು ಸಿಕ್ಕವು. ಅವನ್ನು ತೆಗೆದಿಟ್ಟುಕೊಂಡು, ಬೇರೆ ಕಂಪನಿಯ ಆ ಟೋನರ್ ಜೊತೆ ಪ್ರಿಂಟರನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ ಬಂದೆ.