ಫೋಟೊದಿಂದ ವೈರು, ಪ್ಲಗ್ ಪಾಯಿಂಟ್ ತೆಗೆದದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಒಂದು ಮನೆಯ ಹಾಲ್ ಫೋಟೊ ಅದು. ತಿಳಿ ಹಳದಿ ಗೋಡೆ, ಎಡಗಡೆ ಕಿಟಕಿ. ಗೋಡೆ ಮೇಲಿಂದ ಕಪ್ಪು ಕೇಬಲ್ ಒಂದು ನೇತಾಡಿಕೊಂಡು, ಕಂದು ಸ್ಕರ್ಟಿಂಗ್ ದಾಟಿ ನೆಲಕ್ಕೆ ಬಿದ್ದಿತ್ತು. ಪಕ್ಕದಲ್ಲೇ ಪ್ಲಗ್ ಪಾಯಿಂಟ್. "ಎಲೆಕ್ಟ್ರಿಷಿಯನ್ ಬಂದು ಎರಡನ್ನೂ ಆ ಕಡೆ ಗೋಡೆಗೆ ಹಾಕ್ತಾರೆ, ಫೋಟೊದಲ್ಲಿ ಈಗಲೇ ತೆಗೆದುಬಿಡಿ ಸರ್" ಅಂದರು ಮನೆಯವರು.

ಬಹಳ ಜನ ಗೋಡೆಗೆ ಮೊದಲು ಕೈ ಹಾಕುತ್ತಾರೆ. ನಾನು ಸ್ಕರ್ಟಿಂಗ್ ಮೊದಲು ಮುಗಿಸುತ್ತೇನೆ. ಅಲ್ಲಿ ಕೇಬಲ್ ಇರುವಾಗ ಹೀಲಿಂಗ್ ಬ್ರಷ್ ಓಡಿಸಿದರೆ ಕಂದು ಬಣ್ಣ ಗೋಡೆಗೆ ಹರಡಿ ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಅದಕ್ಕೆ ಫೋಟೋಶಾಪಿನಲ್ಲಿ ಪಕ್ಕದ ಸ್ಕರ್ಟಿಂಗ್ ತುಂಡನ್ನು, ಮೇಲಂಚಿನ ಸಣ್ಣ ನೆರಳಿನ ಗೆರೆ ಸಮೇತ ಸೆಲೆಕ್ಟ್ ಮಾಡಿ Ctrl+J ಒತ್ತಿದೆ. ಹೊಸ ಲೇಯರ್ ಬಂತು. ಅದನ್ನು ಕೇಬಲ್ ಮೇಲೆ ಸರಿಸಿದೆ. ಫೋಟೊ ಓರೆಯಾಗಿ ತೆಗೆದಿದ್ದರಿಂದ ಸ್ಕರ್ಟಿಂಗ್ ದೂರ ಹೋದಂತೆ ಕಿರಿದಾಗುತ್ತದೆ ಅಲ್ವಾ? Ctrl+T ಒತ್ತಿ, ಡಿಸ್ಟಾರ್ಟ್‌ನಲ್ಲಿ ಮೂಲೆಗಳನ್ನು ಎಳೆದು ಎರಡೂ ಅಂಚು ಕೂಡಿಸಿದೆ. ಕೇಬಲ್ ಹಿಂದೆ ಒಂದು ಟೈಲ್ ಜಾಯಿಂಟ್ ಮರೆಯಾಗಿತ್ತು. ಈ ಮನೆಯಲ್ಲಿ ಸ್ಕರ್ಟಿಂಗ್ ಜಾಯಿಂಟು, ನೆಲದ ಜಾಯಿಂಟು ಒಂದೇ ಗೆರೆಯಲ್ಲಿವೆ. ಹಾಗಾಗಿ ಅದನ್ನೂ ಅದೇ ಗೆರೆಗೆ ಕೂರಿಸಿದೆ.

ಆಮೇಲೆ ಗೋಡೆ. ಕೇಬಲ್ ಸಣ್ಣದು, ಕ್ಲೋನ್ ಸ್ಟ್ಯಾಂಪ್‌ನಲ್ಲೇ ಹೋಯಿತು. ಅದರ ಬಲಕ್ಕೆ ಬಿದ್ದ ಮಸುಕು ನೆರಳನ್ನೂ ಜೊತೆಗೇ ತೆಗೆಯಬೇಕು. ಪ್ಲಗ್ ಪಾಯಿಂಟ್ ಜಾಗ ಮಾತ್ರ ದೊಡ್ಡದು. ಅಲ್ಲಿ ಬಣ್ಣವನ್ನೂ ಟೆಕ್ಸ್ಚರನ್ನೂ ಬೇರೆ ಬೇರೆ ತುಂಬಿದೆ. ಕಿಟಕಿಯಿಂದ ದೂರ ಹೋದಂತೆ ಗೋಡೆ ಕಪ್ಪಾಗುತ್ತದೆ, ಅದಕ್ಕೆ ಎಡ, ಬಲ ಎರಡೂ ಕಡೆಯ ಬಣ್ಣ ಆರಿಸಿ ಗ್ರೇಡಿಯಂಟ್ ಎಳೆದೆ. ಐಡ್ರಾಪರನ್ನು 31 by 31 Average ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಪಿಕ್ಸೆಲ್‌ನ ಬಣ್ಣ ಸಿಗುತ್ತದೆ.

ಗ್ರೇಡಿಯಂಟ್ ಸುಮ್ನೆ ನುಣ್ಣಗೆ, ಪ್ಲಾಸ್ಟಿಕ್ ಥರ ಕಾಣುತ್ತದೆ. ರೋಲರ್ ಬಿಟ್ಟ ಸಣ್ಣ ಉಬ್ಬುಗಳು ಬರಬೇಕು. ಸ್ವಲ್ಪ ಮೇಲಿನ ಖಾಲಿ ಗೋಡೆಯನ್ನು ಕಾಪಿ ಮಾಡಿ, ಬಣ್ಣ ತೆಗೆದು, ಹೈ ಪಾಸ್ ಫಿಲ್ಟರ್ ಹಾಕಿ, ಗ್ರೇಡಿಯಂಟ್ ಮೇಲೆ ಲೀನಿಯರ್ ಲೈಟ್ ಬ್ಲೆಂಡ್ ಮೋಡ್‌ನಲ್ಲಿ ಇಟ್ಟೆ. ಒಪಾಸಿಟಿ 50% ಇರಲಿ, ಪೂರ್ತಿ ಇಟ್ಟರೆ ಉಬ್ಬು ಎರಡರಷ್ಟು ಎದ್ದು ಕಾಣುತ್ತದೆ. ಈ ತುಂಡನ್ನು ತಿರುಗಿಸಬೇಡಿ, ಮಗುಚಲೂಬೇಡಿ. ಪ್ರತಿ ಉಬ್ಬಿನ ಎಡಬದಿಗೆ ಕಿಟಕಿ ಬೆಳಕಿದೆ. ಮಗುಚಿದರೆ ಬೆಳಕು ಬಲಕ್ಕೆ ಹೋಗಿ, ಉಬ್ಬು ಕುಳಿಯಂತೆ ಕಾಣುತ್ತದೆ.

ಕೊನೆಗೆ ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿದೆ. ಹೀಗೆ ನೋಡಿದರೆ ತೇಪೆ ಇದ್ದಲ್ಲಿ ತಟ್ಟನೆ ಕಾಣುತ್ತದೆ. ಗೋಡೆ ಚೆನ್ನಾಗಿತ್ತು, ಆದರೆ ಪಾಲಿಶ್ ಟೈಲ್ ಮೇಲೆ ಕೇಬಲ್ಲಿನ ಪ್ರತಿಬಿಂಬ ಇನ್ನೂ ಇತ್ತು. ಅದನ್ನೂ ಕ್ಲೋನ್ ಮಾಡಿ ತೆಗೆದು, ಕರ್ವ್ಸ್ ಅಳಿಸಿ ಫೈಲ್ ಕಳಿಸಿದೆ.