ಲೀನಿಯರ್ ಪ್ರೋಗ್ರಾಮಿಂಗ್ ಉತ್ತರದಲ್ಲಿ ಎಷ್ಟು ಮಿತಿ ಮುಟ್ಟಿದೆ ನೋಡು

ತಮಾ, ನೀನು ಬಿಡಿಸಿ ಕಳಿಸಿದ ಚಿಪ್ಸ್ ಲೆಕ್ಕ ನೋಡಿದೆ. ಗ್ರಾಫ್ ಚೆಂದ ಬಂದಿದೆ, ಕೂಡಿ ಕಳೆಯೋದರಲ್ಲಿ ಒಂದೂ ತಪ್ಪಿಲ್ಲ. ಉತ್ತರವನ್ನು ಮೂರೂ ನಿರ್ಬಂಧಗಳಿಗೆ ಹಾಕಿ ನೋಡಿ ಪಕ್ಕದಲ್ಲಿ ಟಿಕ್ ಬೇರೆ ಹಾಕಿದ್ದೀಯ. ಆದರೂ ಉತ್ತರ ತಪ್ಪು. ಟಿಕ್ ಬಿದ್ದ ಮೇಲೂ ಅದು ತಪ್ಪು ಅಂತ ನನಗೆ ಹೇಗೆ ಗೊತ್ತಾಯ್ತು, ಅದನ್ನೇ ಬರೆಯುತ್ತೇನೆ. ಟ್ಯೂಷನ್ ಪೇಪರ್ ತಿದ್ದುವಾಗ ನಾನು ದಿನಾ ಮಾಡೋದು ಇದೇ.

ಮೊದಲು ಲೆಕ್ಕ ಇನ್ನೊಮ್ಮೆ ಓದು. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಹಲಸಿನಕಾಯಿ ಚಿಪ್ಸ್, ಬಾಳೆಕಾಯಿ ಚಿಪ್ಸ್ ಎರಡೂ ಮಾಡುತ್ತಾರೆ. ಒಂದು ಕೆಜಿ ಹಲಸಿನ ಚಿಪ್ಸ್‌ಗೆ ಹೆಚ್ಚೋಕೆ 30 ನಿಮಿಷ ಬೇಕು (ಮೇಣ ಬಿಡಿಸಿ, ಸೊಳೆ ತೆಗೆಯಬೇಕಲ್ಲ), ಕರಿಯೋಕೆ 10 ನಿಮಿಷ. ಬಾಳೆಕಾಯಿಗೆ ಹೆಚ್ಚೋಕೆ 15, ಕರಿಯೋಕೆ 15. ದಿನಕ್ಕೆ ಹೆಚ್ಚೋಕೆ ಸಿಗೋದು 600 ನಿಮಿಷ, ಬಾಣಲೆ ಒಲೆ ಮೇಲಿರೋದು 360 ನಿಮಿಷ. ಅಂಗಡಿಯವರ ಷರತ್ತು ಒಂದಿದೆ: ಬಾಳೆಕಾಯಿ ಚಿಪ್ಸ್ ಹಲಸಿನ ಚಿಪ್ಸ್‌ನ ಎರಡು ಪಟ್ಟಿಗಿಂತ ಜಾಸ್ತಿ ಇರಬಾರದು. ಕೆಜಿಗೆ ಲಾಭ ಹಲಸಿಗೆ 60 ರೂಪಾಯಿ, ಬಾಳೆಕಾಯಿಗೆ 50. ಲಾಭ ಅತಿ ಹೆಚ್ಚು ಆಗಬೇಕು. (ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟದ್ದು, ಪೇಟೆ ರೇಟು ಹುಡುಕಲು ಹೋಗಬೇಡ.)

ಹಲಸು x ಕೆಜಿ, ಬಾಳೆಕಾಯಿ y ಕೆಜಿ ಅಂತ ಇಟ್ಟು ನೀನು ಬರೆದದ್ದು ಇದು:

```
2x + y ≤ 40
2x + 3y ≤ 72
2y ≤ x
```

ನಿನ್ನ ಉತ್ತರ (16, 8), ಲಾಭ 1360. ನೀನು ಬರೆದ ಮೂರಕ್ಕೆ ಹಾಕಿದರೆ 40, 56, ಆಮೇಲೆ 16 ≤ 16. ಮೂರೂ ಸರಿ ಕಾಣುತ್ತೆ. ಆದರೆ ಹೀಗೆ ಹಾಕಿ ನೋಡಿದರೆ ಗೊತ್ತಾಗೋದು ಇಷ್ಟೇ, ನೀನು ಬರೆದದ್ದನ್ನು ನೀನು ಸರಿಯಾಗಿ ಬಿಡಿಸಿದ್ದೀಯ ಅಂತ. ಬರೆದದ್ದೇ ತಪ್ಪಿದ್ದರೆ ಈ ಪರೀಕ್ಷೆಗೆ ಅದು ಸಿಗೋದಿಲ್ಲ.

ಅದಕ್ಕೆ ನಾನು ಅಸಮತೆಗಳನ್ನು ಕೈಯಿಂದ ಮುಚ್ಚಿಟ್ಟು, ಉತ್ತರವನ್ನು ಪ್ರಶ್ನೆಯ ವಾಕ್ಯಗಳಿಗೇ ಹಾಕುತ್ತೇನೆ. ನಿಮಿಷ ಅಂದರೆ ನಿಮಿಷದಲ್ಲೇ, ಭಾಗಿಸಿ ಸಣ್ಣ ಮಾಡಿಕೊಂಡ ರೂಪದಲ್ಲಿ ಅಲ್ಲ. 16 ಕೆಜಿ ಹಲಸು ಹೆಚ್ಚೋಕೆ 480 ನಿಮಿಷ, 8 ಕೆಜಿ ಬಾಳೆಕಾಯಿಗೆ 120, ಒಟ್ಟು 600. ಸಿಗೋದೂ 600, ಉಳಿಕೆ ಸೊನ್ನೆ. ಕರಿಯೋಕೆ 160 ಮತ್ತು 120, ಒಟ್ಟು 280. ಸಿಗೋದು 360, ಉಳಿಕೆ 80. ಅಂಗಡಿಯವರ ಷರತ್ತಿಗೆ ಬಂದರೆ, ಹಲಸು 16 ಇದ್ದಾಗ ಬಾಳೆಕಾಯಿ 32ರವರೆಗೆ ಇರಬಹುದು. ನಿನ್ನದು 8. ಉಳಿಕೆ 24 ಕೆಜಿ.

ಈಗ ನೋಡು, ಇಲ್ಲೂ ಯಾವ ನಿರ್ಬಂಧವೂ ಮುರಿದಿಲ್ಲ! ನಿನ್ನ ಉತ್ತರದ ಪ್ರಕಾರ ಚಿಪ್ಸ್ ಮಾಡಿದರೆ ಯಾರಿಗೂ ತೊಂದರೆ ಇಲ್ಲ, ಸಮಯ ಸಾಲುತ್ತೆ, ಅಂಗಡಿಯವರೂ ತಕರಾರು ಮಾಡೋದಿಲ್ಲ. ಹಾಗಾಗಿ 'ಎಲ್ಲ ನಿರ್ಬಂಧ ಪಾಲಿಸುತ್ತೆ, ಉತ್ತರ ಸರಿ' ಅಂತ ಇಲ್ಲಿಗೇ ನಿಲ್ಲಿಸೋರು ತುಂಬಾ ಜನ. ನಾನು ನೋಡೋದು ಉಳಿಕೆಯ ಸಾಲನ್ನು. 0, 80, 24. ಸೊನ್ನೆ ಒಂದೇ ಇದೆ.

ಎರಡು ಚರಗಳ ಲೆಕ್ಕದಲ್ಲಿ ನಾವು ಉತ್ತರ ಆರಿಸೋದು ಮೂಲೆಗಳಲ್ಲಿ. ಮೂಲೆ ಅಂದರೆ ಎರಡು ಗೆರೆ ಸೇರುವ ಜಾಗ, ಅಂದರೆ ಕಡಿಮೆ ಅಂದರೂ ಎರಡು ನಿರ್ಬಂಧಗಳಲ್ಲಿ ಉಳಿಕೆ ಸೊನ್ನೆ ಆಗಲೇಬೇಕು (x = 0, y = 0 ಗೆರೆಗಳನ್ನೂ ಸೇರಿಸಿಕೊಂಡು ಎಣಿಸು). ನಿನ್ನ ಗ್ರಾಫಿನಲ್ಲಿ (16, 8) ಮೂಲೆ, ಪ್ರಶ್ನೆಯಲ್ಲಿ ಅದು ಮೂಲೆ ಅಲ್ಲ. ಎರಡಕ್ಕೂ ತಾಳೆ ಆಗದಿದ್ದರೆ ಮಧ್ಯದಲ್ಲಿ ಯಾವುದೋ ನಿರ್ಬಂಧ ಬರೆಯುವಾಗ ಬದಲಾಗಿದೆ ಅಂತಲೇ. ಯಾವುದು ಅಂತ ಹುಡುಕೋದೂ ಸುಲಭ. ನಿನ್ನ ಹಾಳೆಯಲ್ಲಿ ಉಳಿಕೆ ಸೊನ್ನೆ, ಪ್ರಶ್ನೆಯಲ್ಲಿ 24 ಇರುವ ಸಾಲು ಯಾವುದು? ಮೂರನೆಯದು.

ನೀನು 'ಬಾಳೆಕಾಯಿ... ಎರಡು ಪಟ್ಟು' ಅಂತ ಓದಿ 2ನ್ನು yಗೆ ಅಂಟಿಸಿದ್ದೀಯ. ಪಟ್ಟು, ಅರ್ಧ, ಕನಿಷ್ಠ ಅಂತ ಬರುವ ವಾಕ್ಯಗಳಲ್ಲಿ ಹೀಗೆ ಆಗೋದು ಜಾಸ್ತಿ. ಇಂಥ ಕಡೆ ನಾನು ಬರೆದ ಕೂಡಲೇ ಒಂದು ಜೋಡಿ ಸಂಖ್ಯೆ ಹಾಕಿ ನೋಡುತ್ತೇನೆ. ಹಲಸು 10 ಇದ್ದರೆ ಬಾಳೆಕಾಯಿ 20ರವರೆಗೆ ಆಗಬಹುದು, ವಾಕ್ಯ ಹೇಳೋದು ಅದನ್ನೇ. (10, 20)ನ್ನು ನಿನ್ನ ಸಾಲಿಗೆ ಹಾಕಿದರೆ 40 ≤ 10 ಅಂತ ಬರುತ್ತೆ, ಅಲ್ಲೇ ಸಿಕ್ಕಿಬಿತ್ತು. ಸರಿಯಾದದ್ದು y ≤ 2x.

ಗ್ರಾಫ್ ಮತ್ತೆ ಎಳೆಯೋ ಮೊದಲು ಇನ್ನೊಂದು ಮಾಡಿ ನೋಡು, ನನಗೆ ಇದು ತುಂಬಾ ಇಷ್ಟ. (16, 8)ರಲ್ಲಿ ನಿಂತು ಒಂದು ಕೆಜಿ ಹಲಸು ಬಿಡು. ಹೆಚ್ಚುವ 30 ನಿಮಿಷ ಖಾಲಿ ಆಯ್ತು, ಅದರಲ್ಲಿ 2 ಕೆಜಿ ಬಾಳೆಕಾಯಿ ಆಗುತ್ತೆ. 60 ರೂಪಾಯಿ ಹೋಯ್ತು, 100 ಬಂತು, 40 ಲಾಭ. ಬಾಣಲೆಗೆ ಬೀಳುವ ಹೊರೆ 10 ನಿಮಿಷ ಇಳಿದು 30 ಏರಿತು, ಅಂದರೆ 20 ಜಾಸ್ತಿ. ಬಾಣಲೆಯಲ್ಲಿ 80 ಉಳಿದಿತ್ತಲ್ಲ, ಹಾಗಾಗಿ ಇದನ್ನೇ ನಾಲ್ಕು ಸಲ ಮಾಡಬಹುದು. ಬರೋದು (12, 16), ಲಾಭ 1360 + 160 = 1520. ಹೆಚ್ಚೋದು 360 + 240 = 600, ಕರಿಯೋದು 120 + 240 = 360. ಎರಡೂ ಉಳಿಕೆ ಸೊನ್ನೆ. ಬಾಳೆಕಾಯಿ 24ರ ಒಳಗೆ 16. ಈಗ ಇದು ಮೂಲೆ.

ಇಲ್ಲಿಂದಲೂ ಎರಡೂ ಬದಿಗೆ ಸರಿದು ನೋಡಬೇಕು. ವಾಪಸ್ ಹಲಸಿನ ಕಡೆ ಹೋದರೆ ಕೆಜಿಗೆ 40 ನಷ್ಟ ಅಂತ ಆಗಲೇ ಗೊತ್ತು. ಬಾಳೆಕಾಯಿ ಕಡೆ ಹೋದರೆ ಬಾಣಲೆ ಸಮಯ ಕಟ್ಟಿಹಾಕುತ್ತೆ: 3 ಕೆಜಿ ಹಲಸು ಬಿಟ್ಟರೆ 30 ನಿಮಿಷ ಸಿಗುತ್ತೆ, ಅದರಲ್ಲಿ ಬಾಳೆಕಾಯಿ 2 ಕೆಜಿ ಮಾತ್ರ. 180 ಹೋಗಿ 100 ಬರುತ್ತೆ. ಎರಡೂ ಬದಿ ನಷ್ಟ, ಹಾಗಾಗಿ 1520ಕ್ಕಿಂತ ಮೇಲೆ ಇಲ್ಲ. ಮೂಲೆಗಳ ಪಟ್ಟಿ ಹಾಕಿದರೂ ಅದೇ: (0, 0) ಸೊನ್ನೆ, (20, 0) 1200, (9, 18) 1440. ಪರೀಕ್ಷೆಯಲ್ಲಿ ಪಟ್ಟಿಯನ್ನೇ ಬರೆ, ಅಂಕ ಸಿಗೋದು ಅದಕ್ಕೆ. ಸರಿದು ನೋಡೋದು ಪಕ್ಕದ ರಫ್ ಜಾಗದಲ್ಲಿರಲಿ.

ಉಳಿಕೆ ಸಾಲಿನಿಂದ ಇನ್ನೊಂದು ಉಪಯೋಗ ಇದೆ. ಗ್ರಾಫಿನಲ್ಲಿ ಕಣ್ಣಳತೆಯಲ್ಲಿ (12, 15.8) ಅಂತ ಓದಿದ್ದೆ ಅಂದುಕೋ. ಎರಡೂ ಕಡೆ 3 ನಿಮಿಷ ಉಳಿಯುತ್ತೆ. ಸೊನ್ನೆಗೆ ಹತ್ತಿರ ಇದೆ, ಸೊನ್ನೆ ಅಲ್ಲ ಅಂದರೆ ಸೀದಾ ಎರಡು ಸಮೀಕರಣ ಬಿಡಿಸು, ಪೆನ್ಸಿಲ್ ಚೂಪು ಮಾಡ್ತಾ ಕೂರಬೇಡ.

ಸೊನ್ನೆ ಒಂದೇ ಇದ್ದರೆ ಉತ್ತರ ಖಂಡಿತ ತಪ್ಪು ಅಂತ ಮಾತ್ರ ಹೇಳಬೇಡ. ಬಾಳೆಕಾಯಿಗೆ ಲಾಭ 50ರ ಬದಲು 30 ಇದ್ದಿದ್ದರೆ, ಒಂದು ಕೆಜಿ ಹಲಸು ಬಿಟ್ಟು 2 ಕೆಜಿ ಬಾಳೆಕಾಯಿ ಮಾಡಿದಾಗ 60 ಹೋಗಿ 60ಏ ಬರುತ್ತಿತ್ತು. ಆಗ (20, 0)ಯಿಂದ (12, 16)ರವರೆಗಿನ ಇಡೀ ಗೆರೆ ಮೇಲೆ ಲಾಭ 1200, ನಿನ್ನ (16, 8) ಕೂಡ ಅದರಲ್ಲೇ ಇದೆ. ಅದಕ್ಕೇ ಸೊನ್ನೆ ಎಣಿಸಿದ ಮೇಲೆ ಸರಿದು ನೋಡೋದನ್ನು ಬಿಡಬಾರದು.

ಭಾನುವಾರ ಬರುವಾಗ ಬಾಳೆಕಾಯಿ ಲಾಭವನ್ನು 100 ಮಾಡಿ ಇದೇ ಲೆಕ್ಕ ಬಿಡಿಸಿ ತಾ. (12, 16)ರಿಂದ ಶುರು ಮಾಡು, ಯಾವ ಬದಿಗೆ ಸರಿದರೆ ಲಾಭ ಬರುತ್ತೆ, ಎಲ್ಲಿ ನಿಲ್ಲಬೇಕಾಗುತ್ತೆ, ನಿಂತ ಜಾಗದಲ್ಲಿ ಹೆಚ್ಚುವ ಸಮಯ ಎಷ್ಟು ಉಳಿಯುತ್ತೆ, ಇಷ್ಟು ಬರೆದಿರಲಿ. ಗ್ರಾಫ್ ಬೇಡ.