ಒಂದು ಓಮ್ ಬಿಟ್ಟು ಜಲ್ಲಿ ಹಿಡಿದ ಕಥೆ

ಶಿರಾ ಕಡೆ ಒಂದು ಕಲ್ಯಾಣ ಮಂಟಪಕ್ಕೆ 500 ಕೆವಿಎ ಟ್ರಾನ್ಸ್‌ಫಾರ್ಮರ್ ಕೂರಿಸುವ ಕೆಲಸ ಬಂದಿತ್ತು. 11 ಕೆವಿ ಓವರ್‌ಹೆಡ್ ಲೈನ್ ಬಂದು ಎರಡು ಕಂಬದ ಡಿಪಿ ಸ್ಟ್ರಕ್ಚರ್ ಮೇಲೆ ನಿಲ್ಲುತ್ತದೆ. ಪಕ್ಕದಲ್ಲೇ 10 ಮೀಟರ್‌ಗೆ 8 ಮೀಟರ್ ಬೇಲಿ, ಅದರೊಳಗೆ ಟ್ರಾನ್ಸ್‌ಫಾರ್ಮರ್. ನನಗಿಂತ ಮೊದಲು ಬಂದ ಗುತ್ತಿಗೆದಾರರು ನಾಲ್ಕು ಅರ್ಥ್ ಪಿಟ್ ಬರೆದುಕೊಟ್ಟಿದ್ದರು. ಮೆಗ್ಗರ್‌ನಲ್ಲಿ ಅರ್ಥ್ ಪ್ರತಿರೋಧ ಒಂದು ಓಮ್ ಬರದಿದ್ದರೆ ಇನ್ನೂ ಎರಡು ಪಿಟ್, ಆಗಲೂ ಬರದಿದ್ದರೆ ಉಪ್ಪು ಇದ್ದಿಲು ಜಾಸ್ತಿ ಹಾಕೋದು. ಯೋಜನೆ ಅಷ್ಟೇ.

ಏಪ್ರಿಲ್‌ನಲ್ಲಿ ಹೋಗಿ ನಾಲ್ಕು ಕಡ್ಡಿ ಚುಚ್ಚಿ ಮಣ್ಣು ಅಳೆದೆ. ಕಡ್ಡಿಗಳ ನಡುವೆ 2 ಮೀಟರ್ ಇಟ್ಟಾಗ ಮೀಟರ್ 24 ಓಮ್ ತೋರಿಸಿತು. 2π × 2 × 24 ಅಂದರೆ ಸುಮಾರು 300 ಓಮ್-ಮೀಟರ್. ಕೆಂಪು ಮಣ್ಣು, ಕೆಳಗೆ ಕಲ್ಲು. ಅಲ್ಲಿ ಈ ಅಂಕಿ ಬಂದಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಪಿಟ್ ಲೆಕ್ಕ ಬಿಟ್ಟು ನೆಲದಡಿ ಜಾಲ ಹಾಕುವುದು ಅಂತ ತೀರ್ಮಾನಿಸಿದೆ. 50×6 ಮಿಮೀ ಜಿಐ ಪಟ್ಟಿ, 0.6 ಮೀಟರ್ ಆಳ, ಎರಡೆರಡು ಮೀಟರ್ ಚೌಕ, ಒಟ್ಟು 12 × 10 ಮೀಟರ್. ಸುತ್ತಂಚಿನಲ್ಲಿ 3 ಮೀಟರ್ ಉದ್ದದ ಎಂಟು ರಾಡ್. ಜಾಲ ಬೇಲಿಗಿಂತ ಎಲ್ಲ ಕಡೆ ಒಂದು ಮೀಟರ್ ಹೊರಗೆ ಹೋಗುತ್ತದೆ, ಅದು ಬೇಕಂತಲೇ. ಬೇಲಿ ಮುಟ್ಟುವವನು ಹೊರಗೇ ನಿಂತಿರುತ್ತಾನೆ, ಅವನ ಕಾಲಡಿಗೂ ಪಟ್ಟಿ ಇರಬೇಕಲ್ವಾ? ಗೇಟ್ ಒಳಗೇ ತೆರೆಯುವಂತೆ ಮಾಡಿಸಿದ್ದೂ ಇದಕ್ಕೇ. ಹೊರಕ್ಕೆ ತೆರೆದರೆ ಅದರ ಬಾಗಿಲು ಜಾಲ ಬಿಟ್ಟು ಆಚೆ ಹೋಗಿಬಿಡುತ್ತದೆ.

ಇಷ್ಟು ಹಾಕಿದರೂ ಲೆಕ್ಕದಲ್ಲಿ ಜಾಲದ ಪ್ರತಿರೋಧ 12.85 ಓಮ್ ಬಂತು. ಮಂಟಪದ ಮಾಲೀಕರಿಗೆ ಹೇಳಿದಾಗ ಮುಖ ಸಪ್ಪಗಾಯಿತು. "ಹಾಗಾದ್ರೆ ಒಂದು ಓಮ್ ಆಗಲ್ವಾ ಸಾರ್?" ಅಂದರು. ಆಗಲ್ಲ. ಇಷ್ಟು ಚಿಕ್ಕ ಜಾಗದಲ್ಲಿ, ಈ ಮಣ್ಣಿನಲ್ಲಿ ಒಂದು ಓಮ್ ಸಿಗುವುದೇ ಇಲ್ಲ.

ಮುಖ್ಯವಾದ ಪ್ರಶ್ನೆ ಬೇರೆ. ಫಾಲ್ಟ್ ಆಗಿ 11 ಕೆವಿ ತಂತಿ ಅರ್ಥ್‌ಗೆ ತಗುಲಿದಾಗ ಭೂಮಿಗೆ ಎಷ್ಟು ಕರೆಂಟ್ ಇಳಿಯುತ್ತದೆ? ಗುತ್ತಿಗೆದಾರರ ಕಾಗದದಲ್ಲಿ 12 ಸಾವಿರ ಆಂಪಿಯರ್ ಅಂತಿತ್ತು, ಸ್ವಿಚ್‌ಗೇರ್ ಪ್ಲೇಟ್ ನೋಡಿ ಬರೆದದ್ದು. ಆದರೆ ಈ ಲೈನಿಗೆ ಅರ್ಥ್ ವೈರ್ ಇಲ್ಲ. ಫಾಲ್ಟ್ ಕರೆಂಟ್ ಪೂರ್ತಿ ಮಣ್ಣಿನ ಮೂಲಕವೇ ಹಿಂದಿನ ಸಬ್‌ಸ್ಟೇಷನ್‌ಗೆ ಹೋಗಬೇಕು. ಫೇಸ್ ವೋಲ್ಟೇಜ್ 6,350, ಎದುರಿಗೆ 12.85 ಓಮ್. ಲೈನಿನ ಪ್ರತಿರೋಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ 494 ಆಂಪಿಯರ್ ದಾಟುವುದಿಲ್ಲ. ಅದೇ ಹೊತ್ತಿಗೆ ಜಾಲ ಪೂರ್ತಿ ಹೆಚ್ಚುಕಡಿಮೆ 6,350 ವೋಲ್ಟ್‌ಗೆ ಏರುತ್ತದೆ. ಆದರೆ ಅದರ ಮೇಲೆ ನಿಂತವನೂ ಜೊತೆಗೇ ಏರುತ್ತಾನೆ. ಕೊಲ್ಲುವುದು ಕೈಗೂ ಕಾಲಿಗೂ ನಡುವಿನ ವ್ಯತ್ಯಾಸ.

ಸಬ್‌ಸ್ಟೇಷನ್ ಅರ್ಥಿಂಗ್ ಮಾರ್ಗದರ್ಶಿ ಐಇಇಇ 80ರ ಸೂತ್ರದಲ್ಲಿ ಮೂಲೆಯ ಚೌಕದ ವ್ಯತ್ಯಾಸ ಹಾಕಿದೆ. ಆಂಪಿಯರಿಗೆ 0.98 ವೋಲ್ಟ್, ಅಂದರೆ 494 ಆಂಪಿಯರಿಗೆ 484 ವೋಲ್ಟ್. ಇದು ಟಚ್ ವೋಲ್ಟೇಜ್. ಅಂಚಿನಲ್ಲಿ ಒಂದು ಹೆಜ್ಜೆ ಅಗಲಕ್ಕೆ ಬರುವ ಸ್ಟೆಪ್ ವೋಲ್ಟೇಜ್ ಸುಮಾರು 1,010. ಮನುಷ್ಯ ತಡೆಯುವ ಮಿತಿಯನ್ನು 50 ಕೆಜಿ ದೇಹಕ್ಕೆ ಹೀಗೆ ಹಾಕುತ್ತಾರೆ:

```
E_touch = (1000 + 1.5·Cs·ρs)·0.116/√t
E_step  = (1000 + 6·Cs·ρs)·0.116/√t
```

ಇಲ್ಲಿ ρs ಕಾಲಡಿಯ ಮೇಲ್ಪದರದ ರೆಸಿಸ್ಟಿವಿಟಿ. ಆ ಪದರ ತೆಳ್ಳಗಿದ್ದಷ್ಟೂ ಅದರ ಗುಣ ಪೂರ್ತಿ ಸಿಗುವುದಿಲ್ಲ, ಅದನ್ನು ಸರಿದೂಗಿಸುವುದು Cs. t ಅಂದರೆ ಫಾಲ್ಟ್ ಕಡಿಯುವ ಸಮಯ. ಹಿಂದಿನ ಫೀಡರಿನ ಅರ್ಥ್ ಫಾಲ್ಟ್ ರಿಲೇ 80 ಆಂಪಿಯರಿಗೆ, ಟೈಮ್ ಸೆಟ್ಟಿಂಗ್ 0.1 ಇತ್ತು. 494 ಆಂಪಿಯರಿಗೆ ಅದು ಸುಮಾರು 0.38 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬ್ರೇಕರ್ ತೆರೆಯಲು ಇನ್ನಷ್ಟು ಸೇರಿಸಿ ಅರ್ಧ ಸೆಕೆಂಡ್ ಹಿಡಿದೆ. ಈ ಸೆಟ್ಟಿಂಗನ್ನು ಬಾಯಿಮಾತಲ್ಲಿ ಕೇಳಬೇಡಿ, ಬರೆಸಿಕೊಳ್ಳಿ. ಮುಂದೆ ಯಾರೋ ಅದನ್ನು ಬದಲಾಯಿಸಿದರೆ ನಮ್ಮ ಲೆಕ್ಕವೆಲ್ಲ ಹೋಯಿತು.

ಬರಿ ಮಣ್ಣಿನ ಮೇಲೆ ನಿಂತರೆ ಟಚ್ ಮಿತಿ 238 ವೋಲ್ಟ್. ನನ್ನದು 484. ಫೇಲ್! ಸ್ಟೆಪ್ ಮಿತಿ 459, ನನ್ನದು 1,010. ಅದೂ ಫೇಲ್. 10 ಸೆಂಟಿಮೀಟರ್ ದಪ್ಪಕ್ಕೆ ತೊಳೆದ ಜಲ್ಲಿ ಹಾಕಿ, ಅದಕ್ಕೆ 3,000 ಓಮ್-ಮೀಟರ್ ಹಿಡಿದರೆ Cs 0.72 ಬರುತ್ತದೆ. ಟಚ್ ಮಿತಿ 696ಕ್ಕೆ, ಸ್ಟೆಪ್ ಮಿತಿ ಸುಮಾರು 2,290ಕ್ಕೆ ಏರುತ್ತದೆ. ಎರಡೂ ಪಾಸ್. ಅಂದರೆ ಈ ಅಂಗಳದಲ್ಲಿ ಜೀವ ಕಾಯುವುದು ಪಟ್ಟಿಯೂ ಅಲ್ಲ, ಪಿಟ್ಟೂ ಅಲ್ಲ, ಜಲ್ಲಿ. ಬೇಲಿಯ ಒಳಗೆ ಮಾತ್ರ ಹಾಕಿದರೆ ಸಾಲದು. ಜಾಲದ ಅಂಚಿನಿಂದ ಇನ್ನೂ ಒಂದೂವರೆ ಮೀಟರ್ ಆಚೆಗೂ ಹಾಕಿಸಿದೆ.

"ಇನ್ನೊಂದಿಷ್ಟು ರಾಡ್ ಹೊಡೆದು ಓಮ್ ಇಳಿಸಿದ್ರೆ ಜಲ್ಲಿ ಖರ್ಚು ಉಳಿಯಲ್ವಾ?" ಅಂತ ಮಾಲೀಕರು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಆಗಸ್ಟ್‌ನಲ್ಲಿ ತಾನಾಗಿ ಸಿಕ್ಕಿತು. ಮಳೆ ಬಿದ್ದ ಮೇಲೆ ಜಾಲದಿಂದ ಆಚೆ ಅಳೆದಾಗ ಅದೇ ಮಣ್ಣು 180 ಓಮ್-ಮೀಟರಿಗೆ ಇಳಿದಿತ್ತು. ಆ ಅಂಕಿ ಹಾಕಿದರೆ ಜಾಲ 7.7 ಓಮ್, ಆದರೆ ಕರೆಂಟ್ 824 ಆಂಪಿಯರಿಗೆ ಏರುತ್ತದೆ. ಟಚ್ ವೋಲ್ಟೇಜ್ ಮತ್ತೆ 484! ಓಮ್ ಇಳಿದಷ್ಟೇ ಪಾಲು ಕರೆಂಟ್ ಏರುತ್ತದೆ. ಬದಲಾಗಿದ್ದು ಬರಿ ಮಣ್ಣಿನ ಮಿತಿ ಮಾತ್ರ, ಅದು 238ರಿಂದ 208ಕ್ಕೆ ಬಿತ್ತು. ಅಂದರೆ ಮಳೆಗಾಲದಲ್ಲಿ ಮೆಗ್ಗರ್ ಒಳ್ಳೆಯ ಸುದ್ದಿ ಹೇಳುವಾಗ ಅಪಾಯ ಸ್ವಲ್ಪ ಜಾಸ್ತಿಯೇ. ಜಾಲದ ಓಮೇ ದೊಡ್ಡದಾಗಿರುವ ಓವರ್‌ಹೆಡ್ ಲೈನಿಗೆ ಈ ಮಾತು. ಲೋಹದ ಕವಚ ಅಂದರೆ ಆರ್ಮರ್ ಎರಡೂ ಕಡೆ ಅರ್ಥ್ ಆಗಿರುವ ಕೇಬಲ್ಲಿನಲ್ಲಿ ಕರೆಂಟ್‌ನ ಹೆಚ್ಚಿನ ಪಾಲು ಆರ್ಮರ್ ಹಿಡಿದೇ ವಾಪಸ್ ಹೋಗುತ್ತದೆ, ಲೆಕ್ಕವೇ ಬೇರೆ.

ಇನ್ನೊಂದು ಕಡೆ ಕಣ್ಣಿಡಬೇಕಿತ್ತು. ಅಂಗಳದ ಪಕ್ಕದಿಂದ ಒಂದು ಕಬ್ಬಿಣದ ನೀರಿನ ಪೈಪ್ ಹೊರಗೆ ತೋಟದ ಕಡೆ ಹೋಗುತ್ತಿತ್ತು. ಅದು ಜಾಲಕ್ಕೆ ತಗುಲಿದರೆ 6,000 ವೋಲ್ಟ್ ಹೊತ್ತುಕೊಂಡು ತೋಟದ ನಲ್ಲಿವರೆಗೂ ಹೋಗುತ್ತದೆ. ಅಲ್ಲಿ ಜಲ್ಲಿಯೂ ಇಲ್ಲ, ಪಟ್ಟಿಯೂ ಇಲ್ಲ. ನಡುವೆ ಆರು ಮೀಟರ್ ಕತ್ತರಿಸಿ ಎಚ್‌ಡಿಪಿಇ ಪೈಪ್ ಹಾಕಿಸಿದೆ.

ಲೆಕ್ಕ ನಂಬಿ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಮೇನಲ್ಲಿ, ಜಾಲ ಹೂತು ಕಟ್ಟಡದ ಪಾಯದ ಕಬ್ಬಿಣಕ್ಕೆ ಸೇರಿಸುವ ಮೊದಲು, ಒಂದು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ತಂದು ಕರೆಂಟ್ ಹರಿಸಿ ನೋಡಿದೆ. ಇನ್ನೊಂದು ತುದಿಯ ರಾಡ್‌ಗಳನ್ನು 150 ಮೀಟರ್ ಆಚೆ ಕೆರೆ ಅಂಗಳದಲ್ಲಿ ಹೊಡೆದು, ಪಕ್ಕಕ್ಕೆ ಒಬ್ಬ ಹುಡುಗನನ್ನು ಕಾವಲಿಗೆ ನಿಲ್ಲಿಸಿದೆ. ದನ ಬರುತ್ತವಲ್ಲ. 5 ಆಂಪಿಯರ್ ಬಿಟ್ಟು ಬೇಲಿ ಕಂಬಕ್ಕೂ ಒಂದು ಮೀಟರ್ ದೂರದಲ್ಲಿ ಚುಚ್ಚಿದ ಮೊಳೆಗೂ ನಡುವೆ ಅಳೆದೆ. ಹತ್ತಿರದ ಲೈನಿನಿಂದ ನೆಲದಲ್ಲಿ ಮೊದಲೇ ಸ್ವಲ್ಪ ವೋಲ್ಟೇಜ್ ಇರುತ್ತದೆ, ಅದಕ್ಕೇ ಪ್ರತಿ ಜಾಗದಲ್ಲೂ ಟ್ರಾನ್ಸ್‌ಫಾರ್ಮರಿನ ತಂತಿ ತಿರುಗಿಸಿ ಎರಡು ಸಲ ಓದಿ ಸರಿಪಡಿಸಿಕೊಳ್ಳಬೇಕು. ಮೂಲೆಯಲ್ಲಿ ಅತಿ ಜಾಸ್ತಿ 3.4 ವೋಲ್ಟ್ ಬಂತು. 494 ಆಂಪಿಯರಿಗೆ ಏರಿಸಿದರೆ ಸುಮಾರು 336. ಲೆಕ್ಕದ 484ಕ್ಕಿಂತ ಕಡಿಮೆ, ಆದರೂ ಬರಿ ಮಣ್ಣಿನ 238ಕ್ಕಿಂತ ಜಾಸ್ತಿ. ಜಲ್ಲಿ ಬೇಕೇ ಬೇಕು ಅನ್ನುವುದನ್ನು ಈ ಅಳತೆಯೂ ಹೇಳಿತು.

ದೀಪಾವಳಿ ಕಳೆದು ಹೋದಾಗ ನೋಡಿದರೆ ಬೇಲಿಯ ಹೊರಗಿನ ಜಲ್ಲಿ ಮೇಲೆ ಸಿಮೆಂಟ್ ಬಳಿದು ನೀಟಾಗಿ ಜಾಗ ಮಾಡಿದ್ದರು. ಮದುವೆಗೆ ಬಂದವರ ಚಪ್ಪಲಿಗೆ ಜಲ್ಲಿ ಚುಚ್ಚುತ್ತೆ ಅಂತ. ಒದ್ದೆ ಕಾಂಕ್ರೀಟ್ ಮಣ್ಣಿಗಿಂತಲೂ ಕಡಿಮೆ ರೆಸಿಸ್ಟಿವಿಟಿಯದು. 696 ಇದ್ದ ಮಿತಿ 200ರ ಆಸುಪಾಸಿಗೆ ಬಂದುಬಿಟ್ಟಿತ್ತು. ಒಡೆಸಿ ಹೊಸ ಜಲ್ಲಿ ಹಾಕಿಸಿದೆ. ಮಳೆಯಲ್ಲಿ ಕೆಸರು ನುಗ್ಗಿ ಜಲ್ಲಿಯ ಸಂದಿ ತುಂಬದಂತೆ ಸುತ್ತ ಒಂದು ಇಟ್ಟಿಗೆ ಎತ್ತರದ ಕಟ್ಟೆ ಕಟ್ಟಿಸಿದೆ. ಮಾಲೀಕರು ಬಿಲ್ ನೋಡಿ ಒಂದು ಸಲ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.